ಫೋನಿನಲ್ಲಿ ಒಪ್ಪಿದ ದಿನದರ: ಸಲಹೆಗಾರರು ಬರುವ ಮೊದಲೇ ಬರಹಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಾವು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಒಂದು ಸಣ್ಣ ಫೌಂಡ್ರಿ ನಡೆಸುತ್ತಿದ್ದೇವೆ. ಎರಕದ ರಿಜೆಕ್ಷನ್ ಹೆಚ್ಚಾಗಿದೆ ಎಂದು ಪುಣೆಯ ಒಬ್ಬ ಹಿರಿಯ ಸಲಹೆಗಾರರನ್ನು ಗೊತ್ತು ಮಾಡಿದ್ದೇವೆ. ದಿನಕ್ಕೆ ಹನ್ನೆರಡು ಸಾವಿರ, ಒಟ್ಟು ಎಂಟು ದಿನ ಎಂದು ಫೋನಿನಲ್ಲೇ ಮಾತಾಯಿತು. ಇನ್ನು ಹತ್ತು ದಿನಕ್ಕೆ ಅವರ ಮೊದಲ ಭೇಟಿ. ಭಾವನವರ ಪರಿಚಯದ ಮೇಲೆ ಬರುತ್ತಿರುವವರು. ಬರೆದು ಕೊಡಿ ಎಂದರೆ ನಂಬಿಕೆ ಇಲ್ಲವೇ ಎಂದುಕೊಂಡಾರು ಎಂಬ ಅಳುಕಿದೆ. ಬರವಣಿಗೆ ಬೇಕೇ ಬೇಕೇ? ಬೇಕಿದ್ದರೆ ವಾಟ್ಸ್ಆ್ಯಪ್ ಸಾಕೇ, ಏನೆಂದು ಬರೆಯಬೇಕು?

ಉತ್ತರ: ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. 1872ರ ಭಾರತೀಯ ಕರಾರು ಕಾಯ್ದೆ ಇಂತಹ ಕೆಲಸದ ಒಪ್ಪಂದ ಬರಹದಲ್ಲೇ ಇರಬೇಕೆಂದು ಹೇಳುವುದಿಲ್ಲ. ಆದ್ದರಿಂದ ಬರವಣಿಗೆ ಇಲ್ಲದಿದ್ದರೆ ಒಪ್ಪಂದವೇ ಇಲ್ಲ ಎಂದು ನೀವು ಹೆದರಬೇಕಿಲ್ಲ. ಹೆದರಬೇಕಾದದ್ದು ಬೇರೆ ಕಡೆ ಇದೆ: ನೀವಿಬ್ಬರೂ ಪ್ರಾಮಾಣಿಕರಾಗಿದ್ದು, ಇಬ್ಬರಿಗೂ ‘ದಿನಕ್ಕೆ ಹನ್ನೆರಡು ಸಾವಿರ’ ಎಂಬ ಮಾತು ಚೆನ್ನಾಗಿ ನೆನಪಿದ್ದು, ಆ ಮಾತಿಗೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿರುವ ಸಾಧ್ಯತೆ. ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ಮತ್ತು ಖರೀದಿ ನೋಡಿಕೊಳ್ಳುತ್ತ ಬಂದ ನನ್ನ ಅನುಭವದಲ್ಲಿ, ಸಲಹೆಗಾರರ ಬಿಲ್ಲಿನ ಮೇಲಿನ ಜಗಳಗಳಲ್ಲಿ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂಬ ವಾದ ಅಪರೂಪ. ‘ಹೇಳಿದ್ದೆ, ಆದರೆ ಅದರ ಅರ್ಥ ಅದಲ್ಲ’ ಎಂಬುದೇ ಹೆಚ್ಚು.

ನಿಮ್ಮ ಮೊತ್ತವನ್ನೇ ತೆಗೆದುಕೊಂಡು ನೋಡೋಣ. ಹನ್ನೆರಡು ಸಾವಿರದಂತೆ ಎಂಟು ದಿನಕ್ಕೆ 96,000 ರೂಪಾಯಿ. ಸಲಹೆಗಾರರು ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡವರಾಗಿದ್ದರೆ ಅದರ ಮೇಲೆ ಶೇ 18ರಂತೆ 17,280 ರೂಪಾಯಿ ಸೇರಿಸಿ 1,13,280ಕ್ಕೆ ಬಿಲ್ಲು ಕೊಡುತ್ತಾರೆ; ಅವರು ಮಹಾರಾಷ್ಟ್ರದವರು, ನೀವು ಕರ್ನಾಟಕದವರು ಆದ್ದರಿಂದ ಅದು ಐಜಿಎಸ್‌ಟಿ ಆಗಿರುತ್ತದೆ. ನೀವು ಪಾಲುದಾರಿಕೆ ಸಂಸ್ಥೆಯಾದ್ದರಿಂದ ವೃತ್ತಿಪರ ಶುಲ್ಕದ ಮೇಲೆ ಶೇ 10ರಂತೆ ಟಿಡಿಎಸ್ ಹಿಡಿಯಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ 96,000ದ ಮೇಲೆ ಮಾತ್ರ, ಅಂದರೆ 9,600. ಕೊನೆಗೆ ಅವರ ಬ್ಯಾಂಕ್ ಖಾತೆಗೆ ಹೋಗುವುದು 1,03,680 ರೂಪಾಯಿ.

ಈಗ ಅದೇ ಮಾತನ್ನು ಇನ್ನೊಂದು ಬಗೆಯಲ್ಲಿ ಕೇಳಿಸಿಕೊಳ್ಳಿ. ‘ಎಲ್ಲ ಸೇರಿ ಹನ್ನೆರಡು ಸಾವಿರ’ ಎಂದು ನೀವು ತಿಳಿದಿದ್ದರೆ ತೆರಿಗೆಯೂ ಅದರೊಳಗೇ ಬಂತು. ಆಗ ಅವರ ನಿಜವಾದ ದಿನದರ ಸುಮಾರು 10,169 ರೂಪಾಯಿ ಮಾತ್ರ. ‘ಕೈಗೆ ಹನ್ನೆರಡು ಸಾವಿರ ಬರಬೇಕು’ ಎಂದು ಅವರು ತಿಳಿದಿದ್ದರೆ ಟಿಡಿಎಸ್ ಹಿಡಿದ ಮೊದಲ ಬಿಲ್ಲಿಗೇ ಅಸಮಾಧಾನ ಶುರುವಾಗುತ್ತದೆ. ನೀವು ಜಿಎಸ್‌ಟಿಯಲ್ಲಿ ನೋಂದಾಯಿತರಾಗಿದ್ದರೆ ಅವರು ಹಾಕಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯಬಹುದು, ಹಾಗಾಗಿ ಅದು ನಿಮಗೆ ಖರ್ಚಲ್ಲ, ಕೆಲವು ವಾರಗಳ ಮಟ್ಟಿಗೆ ಕೈಬಿಡುವ ಹಣ ಮಾತ್ರ. ಈ ಕಾರಣಕ್ಕೆ ನಿಮ್ಮಂಥವರು ತೆರಿಗೆಯ ವಿಷಯದಲ್ಲಿ ಧಾರಾಳವಾಗಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಒಪ್ಪಿಕೊಂಡುಬಿಡುವುದೇ ಸರಿ. ಅಲ್ಲಿ ಚೌಕಾಶಿ ಮಾಡಿ ಉಳಿಯುವುದೇನೂ ಇಲ್ಲ.

ಹಣ ನಿಜವಾಗಿ ಸೋರುವುದು ‘ದಿನ’ ಎಂಬ ಪದದಲ್ಲಿ. ಎಂಟು ದಿನವನ್ನು ಎರಡೆರಡು ದಿನದ ನಾಲ್ಕು ಭೇಟಿಯಾಗಿ ಹಂಚಿದ್ದೀರಿ ಎಂದಿಟ್ಟುಕೊಳ್ಳಿ. ಪುಣೆಯಿಂದ ಬೆಳಗಾವಿಗೆ ಬರುವ ಪ್ರಯಾಣಕ್ಕೆ ಅರ್ಧ ದಿನದ ಶುಲ್ಕ, ಹಿಂದಿರುಗುವುದಕ್ಕೆ ಅರ್ಧ ದಿನದ ಶುಲ್ಕ ಎಂಬುದು ಕೆಲವು ಸಲಹೆಗಾರರ ರೂಢಿ. ಅವರ ಮಟ್ಟಿಗೆ ಅದು ಹೇಳಬೇಕಾದ ಮಾತೇ ಅಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ನಾಲ್ಕು ಭೇಟಿಗೆ ಎಂಟು ಪ್ರಯಾಣ, ಒಂದೊಂದಕ್ಕೆ ಆರು ಸಾವಿರ, ಅಲ್ಲಿಗೆ 48,000 ರೂಪಾಯಿ. ತೊಂಬತ್ತಾರು ಸಾವಿರದ ಕೆಲಸ ತೆರಿಗೆ ಸೇರುವ ಮೊದಲೇ 1,44,000ಕ್ಕೆ ಹೋಯಿತು. ಮನೆಯಲ್ಲಿ ಕುಳಿತು ವರದಿ ಬರೆದ ದಿನ, ಫೋನಿನಲ್ಲಿ ನಿಮ್ಮ ಸೂಪರ್‌ವೈಸರ್‌ಗೆ ಮರಳಿನ ತೇವಾಂಶದ ಬಗ್ಗೆ ಅರ್ಧ ಗಂಟೆ ಹೇಳಿಕೊಟ್ಟ ದಿನ, ಇವು ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನೂ ನೀವು ಮಾತನಾಡಿರಲಾರಿರಿ.

ಇದೇ ‘ದಿನ’ಕ್ಕೆ ಫೌಂಡ್ರಿಯಲ್ಲಿ ಮತ್ತೊಂದು ತೊಡಕಿದೆ. ಬೆಳಿಗ್ಗೆ ಮೋಲ್ಡಿಂಗ್ ಮಾಡಿ ಸಂಜೆ ಪೋರಿಂಗ್ ಮಾಡುವ ಘಟಕ ನಿಮ್ಮದಾಗಿದ್ದರೆ, ರಿಜೆಕ್ಷನ್ ಏಕೆ ಬರುತ್ತದೆ ಎಂದು ತಿಳಿಯಲು ಸಲಹೆಗಾರರು ನೋಡಲೇಬೇಕಾದ ಹೊತ್ತು ಅದೇ: ಕರಗಿದ ಲೋಹ ಲ್ಯಾಡಲ್‌ನಿಂದ ಅಚ್ಚಿಗೆ ಬೀಳುವ ಹೊತ್ತು. ನಾನು ಹಿಂದೆ ಕೆಲಸ ಮಾಡಿದ ಒಂದು ಘಟಕಕ್ಕೆ ಬರುತ್ತಿದ್ದ ಸಲಹೆಗಾರರು ಬೆಳಿಗ್ಗೆ ಹತ್ತಕ್ಕೆ ಬಂದು ನಾಲ್ಕು ಗಂಟೆಗೆ ರೈಲು ಹಿಡಿಯಲು ಹೊರಡುತ್ತಿದ್ದರು. ನಮ್ಮ ಪೋರಿಂಗ್ ಶುರುವಾಗುತ್ತಿದ್ದದ್ದೇ ನಾಲ್ಕೂವರೆಗೆ. ಎರಡು ಭೇಟಿ ಹಾಗೆಯೇ ಮುಗಿದವು. ಅವರು ಒಪ್ಪಿದ ದಿನ ಬಂದಿದ್ದರು, ಹಣ ಕೊಡದೆ ಇರಲು ನಮಗೆ ಕಾರಣವೇ ಇರಲಿಲ್ಲ. ತಪ್ಪು ನಮ್ಮದು, ಏಕೆಂದರೆ ದಿನ ಎಂದರೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ನಾವು ಎಲ್ಲಿಯೂ ಬರೆದಿರಲಿಲ್ಲ.

ಹಾಗಾದರೆ ಏನು ಬರೆಯಬೇಕು? ನಿಮಗೆ ಬೇಕಾಗಿರುವುದು ಮಾತುಕತೆಯನ್ನು ದೃಢಪಡಿಸುವ ಒಂದು ಪುಟದ ಪತ್ರ. ಸ್ಟಾಂಪ್ ಪೇಪರ್ ಮೇಲಿನ ಕರಾರಿನ ಅಗತ್ಯ ಈ ಮೊತ್ತದ ಕೆಲಸಕ್ಕೆ ನನಗೆ ಕಾಣುವುದಿಲ್ಲ. ಹಾಗೆಯೇ ನಿಮ್ಮ ಛಾಪಿಸಿದ ಪರ್ಚೇಸ್ ಆರ್ಡರ್‌ನಲ್ಲೇ ಇದನ್ನು ತುಂಬಿ ಕಳಿಸಬೇಡಿ. ಅದರ ಹಿಂಬದಿಯ ಷರತ್ತುಗಳು ಪಿಗ್ ಐರನ್, ಮರಳು ಕೊಳ್ಳುವುದಕ್ಕೆ ಬರೆದವು. ‘ತಿರಸ್ಕೃತ ಸರಕನ್ನು ಪೂರೈಕೆದಾರರು ಸ್ವಂತ ಖರ್ಚಿನಲ್ಲಿ ಹಿಂದಕ್ಕೆ ಒಯ್ಯತಕ್ಕದ್ದು’ ಎಂಬ ಷರತ್ತನ್ನು ಒಬ್ಬ ಸಲಹೆಗಾರರಿಗೆ ಕಳಿಸಿದರೆ ಅವರು ನಕ್ಕು ಸುಮ್ಮನಾಗಬಹುದು, ಬೇಸರಿಸಲೂಬಹುದು.

ಪತ್ರದ ಗುಟ್ಟು ಅದನ್ನು ಎರಡು ಭಾಗ ಮಾಡುವುದರಲ್ಲಿದೆ. ಮೊದಲ ಭಾಗದಲ್ಲಿ ಫೋನಿನಲ್ಲಿ ನಿಜವಾಗಿ ಮಾತಾದದ್ದು ಮಾತ್ರ ಇರಬೇಕು. ಎರಡನೆಯ ಭಾಗದಲ್ಲಿ ಅಂದು ಮಾತಿಗೆ ಬಾರದೆ ಉಳಿದವು, ‘ಇದು ನಮ್ಮ ತಿಳಿವಳಿಕೆ’ ಎಂಬ ಹೆಸರಿನಲ್ಲಿ. ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ: ಹೊಸ ಷರತ್ತುಗಳನ್ನೂ ‘ನಾವು ಒಪ್ಪಿಕೊಂಡಂತೆ’ ಎಂಬ ತಲೆಬರಹದ ಕೆಳಗೆ ತುರುಕುತ್ತಾರೆ. ಓದಿದವರಿಗೆ ‘ನಾನು ಯಾವಾಗ ಒಪ್ಪಿದೆ?’ ಎನಿಸುತ್ತದೆ, ಅಪನಂಬಿಕೆ ಹುಟ್ಟುವುದು ಆಗ. ಕಾನೂನಿನ ದೃಷ್ಟಿಯಲ್ಲೂ ಅದು ದುರ್ಬಲ, ಏಕೆಂದರೆ ಹೊಸದಾಗಿ ಸೇರಿಸಿದ ಮಾತು ಹೊಸ ಪ್ರಸ್ತಾಪವೇ ಹೊರತು ಹಳೆಯ ಒಪ್ಪಂದದ ದೃಢೀಕರಣವಲ್ಲ. ಅದಕ್ಕೆ ಅವರ ಒಪ್ಪಿಗೆ ಬೇರೆಯಾಗಿಯೇ ಬರಬೇಕು.

ಸಲಹೆಗಾರರು ಪುಣೆಯವರಾದ್ದರಿಂದ ನಿಮ್ಮ ಪತ್ರ ಇಂಗ್ಲಿಷಿನಲ್ಲೇ ಹೋಗಬಹುದು. ಒಳಗಿನ ವಾಕ್ಯಗಳು ಈ ಧಾಟಿಯಲ್ಲಿರಲಿ:

“ಮಾನ್ಯರೇ, ಮಂಗಳವಾರ ಸಂಜೆ ನಾವು ಫೋನಿನಲ್ಲಿ ಮಾತನಾಡಿದಂತೆ, ನಮ್ಮ ಫೌಂಡ್ರಿಯಲ್ಲಿ ಎರಕದ ರಿಜೆಕ್ಷನ್ ಕಡಿಮೆ ಮಾಡುವ ಬಗ್ಗೆ ಸಲಹೆ ನೀಡಲು ದಿನಕ್ಕೆ ರೂ. 12,000 (ಹನ್ನೆರಡು ಸಾವಿರ ರೂಪಾಯಿ) ಶುಲ್ಕದಂತೆ ಒಟ್ಟು ಎಂಟು ದಿನ ನಮ್ಮ ಘಟಕಕ್ಕೆ ಬರಲು ತಾವು ಒಪ್ಪಿದ್ದೀರಿ. ಮೊದಲ ಭೇಟಿ ಮುಂದಿನ ವಾರ ಎಂದು ನಿಶ್ಚಯವಾಗಿದೆ.

ಅಂದು ಕೆಲವು ವಿಷಯಗಳನ್ನು ಮಾತನಾಡಲು ಆಗಲಿಲ್ಲ. ಅವುಗಳ ಬಗ್ಗೆ ನಮ್ಮ ತಿಳಿವಳಿಕೆ ಹೀಗಿದೆ. ಶುಲ್ಕದ ಮೇಲೆ ಜಿಎಸ್‌ಟಿ ಪ್ರತ್ಯೇಕ. ಟಿಡಿಎಸ್ ಅನ್ನು ನಿಯಮದಂತೆ ಶುಲ್ಕದಲ್ಲಿ ಹಿಡಿಯಲಾಗುವುದು. ಒಂದು ದಿನ ಎಂದರೆ ಬೆಳಿಗ್ಗೆ 10ರಿಂದ ಆ ದಿನದ ಪೋರಿಂಗ್ ಮುಗಿಯುವವರೆಗೆ, ಸಾಮಾನ್ಯವಾಗಿ ಸಂಜೆ 6.30. ಪ್ರಯಾಣದ ಸಮಯಕ್ಕೆ ಮತ್ತು ವರದಿ ಬರೆಯುವುದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಪ್ರಯಾಣದ ಟಿಕೆಟ್ ಮತ್ತು ವಸತಿಯನ್ನು ನಾವೇ ಕಾದಿರಿಸುತ್ತೇವೆ. ಎಂಟು ದಿನಕ್ಕಿಂತ ಹೆಚ್ಚು ಬೇಕಾದರೆ ಮೊದಲು ಬರಹದಲ್ಲಿ ಒಪ್ಪಿಕೊಳ್ಳೋಣ. ಪ್ರತಿ ಭೇಟಿಯ ನಂತರ ತಾವು ಬಿಲ್ಲು ಕಳಿಸಿದರೆ 30 ದಿನಗಳೊಳಗೆ ಹಣ ಪಾವತಿಸುತ್ತೇವೆ.

ಇವುಗಳಲ್ಲಿ ಯಾವುದಾದರೂ ತಮ್ಮ ರೂಢಿಗೆ ಬೇರೆಯಾಗಿದ್ದರೆ ದಯವಿಟ್ಟು ತಿಳಿಸಿ, ಬರುವ ಮೊದಲೇ ಸರಿಮಾಡಿಕೊಳ್ಳೋಣ. ಸರಿ ಇದ್ದರೆ ‘ಒಪ್ಪಿಗೆ’ ಎಂದು ಒಂದು ಸಾಲು ಉತ್ತರಿಸಿ.”

ದರವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದದ್ದನ್ನು ಗಮನಿಸಿ; ಚೆಕ್ಕಿನ ಅಭ್ಯಾಸ ಇಲ್ಲಿಯೂ ಒಳ್ಳೆಯದು. ವಸತಿ, ಟಿಕೆಟ್ಟನ್ನು ನೀವೇ ಮಾಡಿಸುವುದರಿಂದ ಇನ್ನೊಂದು ತಲೆನೋವು ತಪ್ಪುತ್ತದೆ. ಅವರು ಖರ್ಚು ಮಾಡಿ ತಮ್ಮ ಬಿಲ್ಲಿನಲ್ಲಿ ಸೇರಿಸಿದರೆ ಆ ಮೊತ್ತದ ಮೇಲೂ ಅವರು ಜಿಎಸ್‌ಟಿ ಹಾಕಬೇಕಾಗಿ ಬರಬಹುದು, ನೀವು ಅದರ ಮೇಲೆ ಟಿಡಿಎಸ್ ಹಿಡಿಯಬೇಕೇ ಬೇಡವೇ ಎಂಬ ಚರ್ಚೆ ನಿಮ್ಮ ಆಡಿಟರ್ ಬಳಿ ಹೋಗಬಹುದು.

ಪಾವತಿಯ ಅವಧಿಯ ಸಾಲು ಚಿಕ್ಕದಾಗಿ ಕಾಣುತ್ತದೆ, ಆದರೆ ಬರವಣಿಗೆ ಇಲ್ಲದಿದ್ದರೆ ಕಾನೂನಿನ ಮೂಲಕವೇ ನಿಮಗೆ ನಷ್ಟ ತರಬಹುದಾದ ಸಾಲು ಇದು. ಇಂದು ಅನೇಕ ಸಲಹೆಗಾರರು ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಂಡಿರುತ್ತಾರೆ. ಅಂಥವರಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ರಕ್ಷಣೆ ಇದೆ. ಆ ಕಾಯ್ದೆಯ 15ನೇ ಕಲಮಿನ ಪ್ರಕಾರ, ಪಾವತಿಯ ದಿನವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರೆ ಆ ದಿನದೊಳಗೆ ಕೊಡಬೇಕು, ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ ಸೇವೆಯನ್ನು ಸ್ವೀಕರಿಸಿದ 15 ದಿನಗಳೊಳಗೆ ಕೊಡಬೇಕು. ‘ತಿಂಗಳಿಗೆ ಕೊಡುತ್ತೇವೆ’ ಎಂದು ನೀವು ಫೋನಿನಲ್ಲಿ ಹೇಳಿ, ಅವರು ‘ಆಗಲಿ’ ಎಂದಿದ್ದರೂ ಅದು ಬರಹವಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇದರ ಜೊತೆಗೆ, 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಈ ಅವಧಿ ಮೀರಿ ಬಾಕಿ ಉಳಿಸಿದ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ನಿಜವಾಗಿ ಹಣ ಕೊಟ್ಟ ವರ್ಷದವರೆಗೆ ಕಾಯಬೇಕು. ಮಾರ್ಚ್ ತಿಂಗಳ ಭೇಟಿಯ ಬಿಲ್ಲಿನಲ್ಲಿ ಇದು ತಟ್ಟುತ್ತದೆ. ಹಾಗಾಗಿ ಅವರ ಉದ್ಯಮ್ ನೋಂದಣಿ ಇದೆಯೇ ಎಂದು ಪ್ಯಾನ್, ಜಿಎಸ್‌ಟಿ ಸಂಖ್ಯೆಗಳ ಜೊತೆಯಲ್ಲೇ ಕೇಳಿಬಿಡಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕೆಲಸ ಸರಿಯಾಗಲಿಲ್ಲ ಎಂದು ನಿಮಗೆ ಅನ್ನಿಸಿದರೆ ಆ ಆಕ್ಷೇಪವನ್ನು ಸೇವೆ ದೊರೆತ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು; ಇಲ್ಲದಿದ್ದರೆ ನೀವು ಸ್ವೀಕರಿಸಿದ್ದೀರಿ ಎಂದೇ ಅರ್ಥ. ಪೋರಿಂಗ್ ನೋಡದೆ ಹೋದ ಸಲಹೆಗಾರರ ಬಗ್ಗೆ ಕ್ಯಾಂಟೀನಿನಲ್ಲಿ ಗೊಣಗಿದ್ದು ಆಕ್ಷೇಪವಾಗುವುದಿಲ್ಲ.

ವಾಟ್ಸ್ಆ್ಯಪ್ ಸಾಕೇ ಎಂದು ಕೇಳಿದ್ದೀರಿ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ, ಆದ್ದರಿಂದ ವಾಟ್ಸ್ಆ್ಯಪ್ ಸಂದೇಶವೂ ಬರಹವೇ. ಆದರೂ ನಾನು ಇಮೇಲನ್ನೇ ಹೇಳುತ್ತೇನೆ. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ದಾಖಲೆಯನ್ನು ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಜೊತೆಗೆ ಕೊಡಬೇಕಾಗುತ್ತದೆ. ಸಂದೇಶ ಇದ್ದ ಫೋನ್ ಒಡೆದು, ನಂಬರ್ ಬದಲಾಗಿ, ಬರೀ ಸ್ಕ್ರೀನ್‌ಶಾಟ್ ಉಳಿದಿದ್ದರೆ ಆ ಪ್ರಮಾಣಪತ್ರಕ್ಕೆ ಆಧಾರವೇ ಇರುವುದಿಲ್ಲ. ಮೇಲಾಗಿ ಕೆಲವರು ತಮ್ಮ ಚಾಟ್‌ಗಳಿಗೆ ತಾನಾಗಿ ಅಳಿಸಿಹೋಗುವ ವ್ಯವಸ್ಥೆ ಹಾಕಿರುತ್ತಾರೆ. ನಿಮ್ಮ ಸಲಹೆಗಾರರು ಇಮೇಲ್ ನೋಡದವರಾಗಿದ್ದರೆ ಪತ್ರವನ್ನು ಪಿಡಿಎಫ್ ಮಾಡಿ ಎರಡೂ ಕಡೆ ಕಳಿಸಿ, ಅವರ ಉತ್ತರ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಕಚೇರಿಯ ಇಮೇಲಿಗೆ ಕಳಿಸಿಕೊಂಡು ಇಟ್ಟುಕೊಳ್ಳಿ. ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ನಂಬಿ ಕೂರಬೇಡಿ. ಅದು ‘ಒಪ್ಪಿದೆ’ ಎಂದೂ ಆಗಬಹುದು, ‘ತಲುಪಿತು’ ಎಂದೂ ಆಗಬಹುದು.

ಉತ್ತರ ಬಂದ ಮೇಲೆ ಅದನ್ನು ನಿಧಾನವಾಗಿ ಓದಿ. ‘ಸರಿ, ಬಂದಾಗ ಮಾತಾಡೋಣ’ ಎಂಬುದು ಒಪ್ಪಿಗೆಯಲ್ಲ, ಒಪ್ಪಿಗೆಯನ್ನು ಮುಂದೂಡಿದ ಮಾತು. ಬಂದ ಮೇಲೆ ಮಾತಾಡುವಾಗ ಅವರು ನಿಮ್ಮ ಶಾಪ್ ಫ್ಲೋರ್‌ನಲ್ಲಿ ನಿಂತಿರುತ್ತಾರೆ, ನಿಮಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ‘ಒಪ್ಪಿಗೆ, ಆದರೆ ಪ್ರಯಾಣಕ್ಕೆ ಅರ್ಧ ದಿನ’ ಎಂದು ಬಂದರೆ ಅದು ಅವರ ಮರುಪ್ರಸ್ತಾಪ, ಚೆಂಡು ಈಗ ನಿಮ್ಮ ಅಂಗಳದಲ್ಲಿದೆ. ನೀವು ಸುಮ್ಮನಿದ್ದು ಅವರನ್ನು ಬರಮಾಡಿಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಇನ್ನು ಕೆಲವರು ಉತ್ತರದ ಬದಲು ತಮ್ಮದೇ ‘ಪ್ರೊಪೋಸಲ್’ ಪಿಡಿಎಫ್ ಕಳಿಸುತ್ತಾರೆ. ಮೊದಲ ಪುಟದಲ್ಲಿ ನಿಮ್ಮದೇ ದರ ಇರುತ್ತದೆ, ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಮುಂಗಡ ಅರ್ಧ, ತಡವಾದರೆ ಬಡ್ಡಿ, ವ್ಯಾಜ್ಯವೆಲ್ಲ ಪುಣೆಯ ನ್ಯಾಯಾಲಯದಲ್ಲೇ ಎಂದಿರುತ್ತದೆ. ಅದನ್ನು ಪಡೆದು ಸುಮ್ಮನಾಗಬೇಡಿ. ‘ದರ, ದಿನ, ಪ್ರಯಾಣ, ಪಾವತಿಯ ವಿಷಯದಲ್ಲಿ ನಮ್ಮ ಇಂತಹ ದಿನಾಂಕದ ಪತ್ರವೇ ಅನ್ವಯ’ ಎಂದು ಒಂದು ಸಾಲು ಬರೆದು ಅದಕ್ಕೆ ಒಪ್ಪಿಗೆ ತರಿಸಿಕೊಳ್ಳಿ.

ಏನೂ ಉತ್ತರ ಬಾರದಿದ್ದರೆ? ಮೌನ ಸಮ್ಮತಿಯ ಲಕ್ಷಣ ಎಂಬ ಮಾತು ಕರಾರು ಕಾಯ್ದೆಗೆ ಹೊಂದುವುದಿಲ್ಲ, ಒಪ್ಪಿಗೆಯನ್ನು ತಿಳಿಸಲೇಬೇಕು. ಆದರೆ ಪತ್ರವನ್ನು ಪಡೆದವರು ಅದರಂತೆ ಬಂದು ಕೆಲಸ ಶುರು ಮಾಡಿದರೆ ಆ ನಡವಳಿಕೆಯನ್ನು ಒಪ್ಪಿಗೆಯೆಂದು ತೆಗೆದುಕೊಳ್ಳಲು ಅದೇ ಕಾಯ್ದೆಯ 8ನೇ ಕಲಮಿನಲ್ಲಿ ಅವಕಾಶವಿದೆ. ಅದನ್ನು ಕಡೆಯ ಆಸರೆಯಾಗಿ ಇಟ್ಟುಕೊಳ್ಳಿ. ನಿಮಗೆ ಹತ್ತು ದಿನ ಸಮಯವಿದೆ: ಇಂದೇ ಪತ್ರ ಕಳಿಸಿ, ನಾಲ್ಕನೇ ದಿನ ಫೋನ್ ಮಾಡಿ ನೆನಪಿಸಿ, ಏಳನೇ ದಿನಕ್ಕೂ ಉತ್ತರ ಇಲ್ಲದಿದ್ದರೆ ಟಿಕೆಟ್ ಕಾದಿರಿಸುವುದನ್ನು ತಡೆಹಿಡಿಯಿರಿ. ‘ಉತ್ತರ ಬಂದ ಕೂಡಲೇ ಟಿಕೆಟ್ ಮಾಡಿಸುತ್ತೇವೆ’ ಎಂಬ ಸಾಲಿಗೆ ಉತ್ತರ ಬಾರದೆ ಇದ್ದದ್ದನ್ನು ನಾನು ನೋಡಿಲ್ಲ.

ಭಾವನವರ ವಿಷಯಕ್ಕೆ ಬರುತ್ತೇನೆ. ಹಿರಿಯರನ್ನು ‘ಬರೆದು ಕೊಡಿ’ ಎಂದು ಕೇಳುವುದು ಮುಜುಗರ, ನಿಜ. ಆದರೆ ಇಲ್ಲಿ ಬರೆಯುವವರು ನೀವು, ಅವರಲ್ಲ. ಹಣ ಕೊಡಬೇಕಾದವರೇ ಕೊಡುತ್ತೇವೆ ಎಂದು ಬರೆದು ಕೊಡುತ್ತಿರುವಾಗ ಅದರಲ್ಲಿ ಅಪನಂಬಿಕೆಯ ವಾಸನೆ ಬಾರದು. ಪತ್ರ ಕಳಿಸುವ ಮೊದಲು ನೀವೇ ಫೋನ್ ಮಾಡಿ, ‘ಸಾಹೇಬ್ರೆ, ನಮ್ಮ ಅಕೌಂಟ್ಸ್‌ನವರು ಕಾಗದ ಇಲ್ಲದೆ ಬಿಲ್ ಪಾಸ್ ಮಾಡುವುದಿಲ್ಲ, ನಿಮ್ಮ ಬಿಲ್ಲು ನಿಲ್ಲಬಾರದು ಅಂತ ಒಂದು ಮೇಲ್ ಕಳಿಸ್ತಿದ್ದೀನಿ’ ಎಂದು ಹೇಳಿ. ಇದು ಸುಳ್ಳೇನಲ್ಲ, ಅಣ್ಣತಮ್ಮಂದಿರಲ್ಲಿ ಫೋನಿನಲ್ಲಿ ಮಾತನಾಡಿದವರು ಒಬ್ಬರು, ಚೆಕ್ಕಿಗೆ ಸಹಿ ಹಾಕುವವರು ಇನ್ನೊಬ್ಬರಾಗಿದ್ದರೆ ನಿಮ್ಮ ಮನೆಯೊಳಗೇ ಆ ಕಾಗದ ಬೇಕು. ಭಾವನವರಿಗೆ ಪತ್ರದ ಪ್ರತಿ ಕಳಿಸಬೇಡಿ. ನಾಳೆ ಭಿನ್ನಾಭಿಪ್ರಾಯ ಬಂದರೆ ಅವರನ್ನು ಸಾಕ್ಷಿಯ ಜಾಗದಲ್ಲಿ ನಿಲ್ಲಿಸಿದಂತಾಗುತ್ತದೆ.

ಒಂದು ಎಚ್ಚರಿಕೆ ನಿಮ್ಮ ಕಡೆಗೂ ಇದೆ. ಒಪ್ಪಂದದ ಷರತ್ತುಗಳನ್ನು ಪೂರ್ತಿಯಾಗಿ ದಾಖಲೆಗೆ ಇಳಿಸಿದ ಮೇಲೆ, ಅದರಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ‘ಬಾಯಿಮಾತಿನಲ್ಲಿ ಬೇರೆ ಒಪ್ಪಿದ್ದೆವು’ ಎಂದು ಹೇಳಲು ಸಾಕ್ಷ್ಯ ಕಾನೂನು ಸುಲಭಕ್ಕೆ ಬಿಡುವುದಿಲ್ಲ. ರಿಜೆಕ್ಷನ್ ಇಷ್ಟಕ್ಕೆ ಇಳಿದರೆ ಮಾತ್ರ ಕೊನೆಯ ಕಂತು ಎಂಬಂಥ ಮಾತು ಫೋನಿನಲ್ಲಿ ಆಗಿದ್ದರೆ ಅದನ್ನು ಮೊದಲ ಭಾಗದಲ್ಲೇ ಬರೆಯಿರಿ. ಇಳಿಕೆಯನ್ನು ಯಾವ ತಿಂಗಳ ಅಂಕಿಗೆ ಹೋಲಿಸಿ ಅಳೆಯುತ್ತೀರಿ, ನಿಮ್ಮಲ್ಲೇ ಹಿಡಿದ ರಿಜೆಕ್ಷನ್ ಮಾತ್ರವೋ, ಗ್ರಾಹಕರು ಮಷಿನಿಂಗ್ ಆದ ಮೇಲೆ ಹಿಂದಿರುಗಿಸಿದ್ದೂ ಸೇರುತ್ತದೆಯೋ ಎಂಬುದನ್ನೂ ಸೇರಿಸಿ. ಅಂಥ ಮಾತು ಆಗಿಲ್ಲದಿದ್ದರೆ ಅದು ಬರೀ ದಿನಗೂಲಿಯ ಸಲಹೆ. ಫಲಿತಾಂಶ ಬರಲಿಲ್ಲವೆಂದು ಶುಲ್ಕ ತಡೆಯುವ ಹಕ್ಕು ನಿಮಗಿರುವುದಿಲ್ಲ.

ಅವರು ಬಂದ ದಿನಗಳ ಲೆಕ್ಕಕ್ಕೆ ನಿಮ್ಮ ಗೇಟ್ ರಿಜಿಸ್ಟರ್ ಸಾಕು. ಒಳಬಂದ ಹೊತ್ತು, ಹೊರಟ ಹೊತ್ತು ಬರೆದು ಅವರ ಸಹಿ ಹಾಕಿಸಿ, ಪ್ರತಿ ಭೇಟಿಯ ಬಿಲ್ಲಿಗೆ ಆ ಪುಟದ ಪ್ರತಿಯನ್ನೂ ಪತ್ರದ ಪ್ರತಿಯನ್ನೂ ಪಿನ್ ಮಾಡಿ ಸಹಿಗೆ ಕಳಿಸಿ. ಬೆಳಗಾವಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಪೋರಿಂಗೇ ಆಗದ ದಿನ ಅವರು ಬಂದು ಕುಳಿತಿದ್ದರೆ ಅದು ದಿನವೋ ಅಲ್ಲವೋ ಎಂಬ ಪ್ರಶ್ನೆಯೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಪೂರ್ಣ ದಿನವೇ, ಏಕೆಂದರೆ ಅವರು ಬಂದಿದ್ದಾರೆ, ಕೆಲಸ ನಿಂತದ್ದು ನಿಮ್ಮ ಕಡೆಯಿಂದ. ಆ ಸಾಲನ್ನೂ ಪತ್ರದ ಎರಡನೆಯ ಭಾಗಕ್ಕೆ ನೀವಾಗಿಯೇ ಸೇರಿಸಿ.